ಸರಾಸರಿ 5.5 ಬಂದ ಯೋಜನೆಗೆ ಯಾವ ಪದ್ಧತಿ?

ಪ್ರಶ್ನೆ: ನಾನು ಒಂಬತ್ತು ಜನರ ತಂಡದ ಪ್ರಾಜೆಕ್ಟ್ ಮ್ಯಾನೇಜರ್. ಒಂದು ಹಾಲು ಒಕ್ಕೂಟದ 120 ಹಳ್ಳಿ ಸಂಘಗಳಲ್ಲಿ ಹಾಲಿನ ತೂಕ, ಫ್ಯಾಟ್ ಪರೀಕ್ಷೆ, ರಸೀದಿ ಮತ್ತು ವಾರದ ಬಟವಾಡೆಯನ್ನು ಗಣಕೀಕರಣಗೊಳಿಸುವ ಗುತ್ತಿಗೆ ನಮಗೆ ಸಿಕ್ಕಿದೆ. ಅವಧಿ ಹತ್ತು ತಿಂಗಳು, ಬೆಲೆ ನಿಗದಿತ, ಯಂತ್ರ ಮತ್ತು ತಂತ್ರಾಂಶ ಎರಡೂ ನಮ್ಮ ಹೊಣೆ. ಎಲ್ಲವನ್ನೂ ಸಣ್ಣ ಆವರ್ತನಗಳಲ್ಲಿ ಮಾಡಿ, ತೋರಿಸಿ, ತಿದ್ದಿಕೊಳ್ಳುವ ಅಜೈಲ್‌ನಲ್ಲೇ ಮಾಡಿ ಎಂದು ನಮ್ಮ ಕಂಪನಿ ಹೇಳುತ್ತಿದೆ. ಒಕ್ಕೂಟದವರು ಮೊದಲ ದಿನವೇ ಪೂರ್ಣ ವೇಳಾಪಟ್ಟಿ ಕೇಳುತ್ತಿದ್ದಾರೆ. ಪದ್ಧತಿ ಆಯ್ಕೆಯ ಪ್ರಶ್ನಾವಳಿ ತುಂಬಿದಾಗ ಸರಾಸರಿ 5.5 ಬಂತು, ಅಂದರೆ ಅಜೈಲನ್ನೂ ಎಲ್ಲವನ್ನೂ ಮೊದಲೇ ಯೋಜಿಸುವ ಪ್ರಿಡಿಕ್ಟಿವ್ ಪದ್ಧತಿಯನ್ನೂ ಬೆರೆಸುವ ಹೈಬ್ರಿಡ್. ಆದರೆ ಹೈಬ್ರಿಡ್ ಎಂದರೆ ನಾಳೆ ಬೆಳಿಗ್ಗೆ ನಾನು ಏನು ಮಾಡಬೇಕು?

ಉತ್ತರ: ಮೊದಲು ಆ 5.5 ಎಲ್ಲಿಂದ ಬಂತು ಎಂಬುದನ್ನು ಬಿಡಿಸಿ ನೋಡೋಣ. ನೀವು ತುಂಬಿದ ಪ್ರಶ್ನಾವಳಿ ಬಹುಶಃ ಅಮೆರಿಕದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ 2017ರಲ್ಲಿ ಅಜೈಲ್ ಅಲಯನ್ಸ್ ಜೊತೆಗೂಡಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿರುವಂಥದ್ದು. ಅದು ಸಂಸ್ಥೆಯ ಸ್ವಭಾವ, ತಂಡ ಮತ್ತು ಯೋಜನೆ ಎಂಬ ಮೂರು ಗುಂಪುಗಳಲ್ಲಿ ಪ್ರಶ್ನೆ ಕೇಳಿ, ಪ್ರತಿಯೊಂದಕ್ಕೂ ಹತ್ತರವರೆಗಿನ ಅಂಕ ಕೊಡಿಸುತ್ತದೆ. ಕಡಿಮೆ ಅಂಕ ಅಜೈಲ್ ಕಡೆಗೂ ಹೆಚ್ಚು ಅಂಕ ಪ್ರಿಡಿಕ್ಟಿವ್ ಕಡೆಗೂ ಬೆರಳು ತೋರಿಸುತ್ತದೆ. ಪ್ರಶ್ನೆಗಳು ಒಳ್ಳೆಯವೇ, ಮಾತುಕತೆ ಆರಂಭಿಸಲು ಅವು ಸಹಾಯಕವೂ ಹೌದು. ಆದರೆ ನಿಮ್ಮ ಯೋಜನೆಯಲ್ಲಿ ತಕ್ಕಡಿ ಖರೀದಿಯೊಂದನ್ನೇ ಇಟ್ಟುಕೊಂಡು ಅಂಕ ಹಾಕಿದರೆ ಒಂಬತ್ತರ ಹತ್ತಿರ ಬರುತ್ತದೆ, ಸಂಘದ ಕಾರ್ಯದರ್ಶಿ ಬಳಸುವ ಪರದೆಯನ್ನು ಮಾತ್ರ ಇಟ್ಟುಕೊಂಡು ಹಾಕಿದರೆ ಎರಡರ ಹತ್ತಿರ ಬರುತ್ತದೆ. ಒಂಬತ್ತನ್ನೂ ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 5.5 ಆಗುತ್ತದೆ, ಆದರೆ 5.5 ಸ್ವಭಾವದ ಕೆಲಸವೊಂದು ನಿಮ್ಮ ಯೋಜನೆಯಲ್ಲಿ ಎಲ್ಲಿಯೂ ಇಲ್ಲ. ಸರಾಸರಿಯನ್ನು ನಂಬಿ ಎಲ್ಲ ಕೆಲಸವನ್ನೂ ಅರೆಬರೆ ಅಜೈಲ್ ಮಾಡಿದರೆ, ತಕ್ಕಡಿಗೆ ಬೇಕಾದ ಶಿಸ್ತೂ ಸಿಗುವುದಿಲ್ಲ, ಪರದೆಗೆ ಬೇಕಾದ ಸ್ವಾತಂತ್ರ್ಯವೂ ಸಿಗುವುದಿಲ್ಲ.

ಆದ್ದರಿಂದ ನನ್ನ ಮೊದಲ ಸಲಹೆ, ಅಂಕವನ್ನು ಇಡೀ ಯೋಜನೆಗೆ ಹಾಕದೆ ನೀವು ಒಪ್ಪಿಸಬೇಕಾದ ಒಂದೊಂದು ವಸ್ತುವಿಗೆ ಬೇರೆಬೇರೆಯಾಗಿ ಹಾಕಿ. ಪದ್ಧತಿಯನ್ನು ಕೆಲಸಕ್ಕೆ ತಕ್ಕಂತೆ ಹೊಂದಿಸುವುದಕ್ಕೆ ಬಳಸುವ ಟೈಲರಿಂಗ್ ಎಂಬ ಪದವನ್ನು ನಮ್ಮ ಕ್ಷೇತ್ರ ದರ್ಜಿಯ ಅಂಗಡಿಯಿಂದಲೇ ತಂದುಕೊಂಡಿದೆ. ದರ್ಜಿ ತೋಳಿಗೂ ಸೊಂಟಕ್ಕೂ ಬೇರೆ ಅಳತೆ ತೆಗೆಯುತ್ತಾನೆಯೇ ಹೊರತು ಎರಡರ ಸರಾಸರಿ ತೆಗೆದು ಬಟ್ಟೆ ಕತ್ತರಿಸುವುದಿಲ್ಲ. ಪ್ರತಿ ವಸ್ತುವಿನ ಮುಂದೆ ಮೂರೇ ಪ್ರಶ್ನೆ ಕೇಳಿಕೊಂಡರೆ ಸಾಕು: ಏನು ಬೇಕೆಂಬುದು ಇಂದೇ ಎಷ್ಟು ಖಚಿತವಾಗಿ ಗೊತ್ತಿದೆ, ಒಮ್ಮೆ ಮಾಡಿದ ಮೇಲೆ ಬದಲಿಸಬೇಕಾದರೆ ಎಷ್ಟು ಹಣ ಮತ್ತು ದಿನ ಹೋಗುತ್ತದೆ, ಅರ್ಧ ಸಿದ್ಧವಾದದ್ದನ್ನು ನಿಜವಾದ ಬಳಕೆದಾರರ ಕೈಗೆ ಕೊಟ್ಟು ಅವರಿಂದ ಏನನ್ನಾದರೂ ಕಲಿಯಲು ಸಾಧ್ಯವೇ. ತಂಡದ ಗಾತ್ರ, ಅನುಭವ, ಸಂಸ್ಥೆಯ ಸ್ವಭಾವ ಇವೆಲ್ಲ ಆಮೇಲೆ ಬರುತ್ತವೆ, ಏಕೆಂದರೆ ಅವು ಪದ್ಧತಿಯನ್ನು ಹೇಗೆ ನಡೆಸಬೇಕೆಂದು ಹೇಳುತ್ತವೆಯೇ ಹೊರತು ಯಾವ ಪದ್ಧತಿ ಎಂದು ಹೇಳುವುದಿಲ್ಲ.

ಯಂತ್ರಗಳಿಂದ ಆರಂಭಿಸುತ್ತೇನೆ. ಎಲೆಕ್ಟ್ರಾನಿಕ್ ತಕ್ಕಡಿ, ಹಾಲಿನ ಅನಲೈಸರ್, ರಸೀದಿ ಪ್ರಿಂಟರ್, ಕಂಪ್ಯೂಟರ್ ಮತ್ತು ಯುಪಿಎಸ್ ಸೇರಿ ಒಂದು ಸಂಘಕ್ಕೆ ಒಂದು ಸೆಟ್, ಒಟ್ಟು 120 ಸೆಟ್. ಇಲ್ಲಿ ಏನು ಬೇಕೆಂಬುದು ಬಹುಪಾಲು ಗೊತ್ತಿದೆ ಮತ್ತು ಬದಲಾವಣೆ ಬಹಳ ದುಬಾರಿ. ವ್ಯಾಪಾರಕ್ಕೆ ಬಳಸುವ ತಕ್ಕಡಿಯನ್ನು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ಪರಿಶೀಲನೆ ಮಾಡಿಸಿ ಮುದ್ರೆ ಹಾಕಿಸಬೇಕು. ಮುದ್ರೆ ಒಡೆದು ಒಳಗೆ ಏನಾದರೂ ಬದಲಿಸಿದರೆ ಮತ್ತೆ ಇಲಾಖೆಯ ಮುಂದೆ ನಿಲ್ಲಬೇಕು. ಅನಲೈಸರ್ ಕೊಡುವ ಫ್ಯಾಟ್ ಅಂಕಿಯನ್ನು ಡೇರಿಯ ಪ್ರಯೋಗಾಲಯದ ಗರ್ಬರ್ ಪರೀಕ್ಷೆಯ ಜೊತೆ ಹೋಲಿಸಿ ಸರಿಹೊಂದಿಸಬೇಕು. ಇಂಥ ಕೆಲಸಕ್ಕೆ ಎರಡು ವಾರಕ್ಕೊಮ್ಮೆ ಆದ್ಯತೆ ಬದಲಿಸುವ ಪದ್ಧತಿ ಹೊಂದುವುದಿಲ್ಲ. ಖರೀದಿ ಆದೇಶ, ಸರಬರಾಜು, ಮುದ್ರೆ, ಸಾಗಣೆ, ಅಳವಡಿಕೆ ಎಂಬ ಕ್ರಮದಲ್ಲಿ ದಿನಾಂಕ ಹಾಕಿ, ಒಂದು ತಡವಾದರೆ ಯಾವುದು ತಡವಾಗುತ್ತದೆ ಎಂದು ಗೆರೆ ಎಳೆದು ತೋರಿಸುವ ಹಳೆಯ ಪ್ರಿಡಿಕ್ಟಿವ್ ವೇಳಾಪಟ್ಟಿಯೇ ಇಲ್ಲಿ ಸರಿ. ಒಕ್ಕೂಟದವರು ಕೇಳುತ್ತಿರುವ ವೇಳಾಪಟ್ಟಿಯಲ್ಲಿ ಈ ಭಾಗವನ್ನು ನೀವು ಸಂಕೋಚವಿಲ್ಲದೆ ಕೊಡಬಹುದು.

ಎರಡನೆಯದು ದರ ಲೆಕ್ಕ ಮತ್ತು ಬಟವಾಡೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ತಂಡಗಳು ಹೆಚ್ಚಾಗಿ ಎಡವುವುದು ಇಲ್ಲಿ. ಒಕ್ಕೂಟದ ದರಪಟ್ಟಿ ಆಗಾಗ ಬದಲಾಗುತ್ತದೆ ಎಂದು ನಿಮ್ಮ ತಂಡದವರು ಹೇಳುತ್ತಾರೆ, ಬದಲಾವಣೆ ಇದ್ದ ಕಡೆ ಅಜೈಲ್ ಬೇಕೆಂದು ಪಾಠದಲ್ಲಿದೆ, ಹಾಗಾಗಿ ಬಟವಾಡೆಯೂ ಅಜೈಲ್ ಆಗಬೇಕೆಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಆದರೆ ಬದಲಾವಣೆಯಲ್ಲಿ ಎರಡು ಬಗೆ ಇದೆ. ದರಪಟ್ಟಿಯ ಅಂಕಿ ಬದಲಾಗುತ್ತದೆ, ಆದರೆ ಫ್ಯಾಟ್ ಇಷ್ಟು, ಕೊಬ್ಬು ಬಿಟ್ಟು ಉಳಿದ ಘನಾಂಶವಾದ ಎಸ್‌ಎನ್‌ಎಫ್ ಇಷ್ಟು ಇದ್ದರೆ ದರ ಇಷ್ಟು ಎಂಬ ಅದರ ಆಕಾರ ಬದಲಾಗುವುದಿಲ್ಲ. ಇದು ಬರುತ್ತದೆಂದು ಮೊದಲೇ ಗೊತ್ತಿರುವ ಬದಲಾವಣೆ. ಇದಕ್ಕೆ ಮದ್ದು ವಿನ್ಯಾಸದಲ್ಲಿದೆ: ದರಪಟ್ಟಿಯನ್ನು ಪ್ರೋಗ್ರಾಮಿನೊಳಗೆ ಬರೆಯದೆ, ಜಾರಿಯ ದಿನಾಂಕ ಸಮೇತ ಕೋಷ್ಟಕವಾಗಿ ಇಟ್ಟರೆ ಒಕ್ಕೂಟದ ಸಿಬ್ಬಂದಿಯೇ ಹೊಸ ಅಂಕಿ ತುಂಬಬಹುದು. ಏನು ಬೇಕೆಂಬುದೇ ಯಾರಿಗೂ ತಿಳಿಯದೆ, ಮಾಡಿ ನೋಡಿದ ಮೇಲಷ್ಟೇ ತಿಳಿಯುವಂಥ ಇನ್ನೊಂದು ಬಗೆಯ ಬದಲಾವಣೆಗೆ ಮಾತ್ರ ಅಜೈಲ್ ಔಷಧಿ.

ಬಟವಾಡೆಯಲ್ಲಿ ಗೊತ್ತಿಲ್ಲದ್ದು ಇಲ್ಲ ಎಂದಲ್ಲ, ಆದರೆ ಅಲ್ಲಿ ಗೊತ್ತಿಲ್ಲದ್ದು ಯಾರದೋ ಕಡತದಲ್ಲಿ ಅಥವಾ ತಲೆಯಲ್ಲಿ ಈಗಾಗಲೇ ಇದೆ, ಕೇಳಿ ತೆಗೆಯಬೇಕಷ್ಟೆ. ಒಂದು ಉದಾಹರಣೆ ಕೊಡುತ್ತೇನೆ. ತಕ್ಕಡಿ ತೂಗುವುದು ಕಿಲೋದಲ್ಲಿ, ಹಲವೆಡೆ ದರ ಲೀಟರಿಗೆ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ, ಅಂದರೆ ಪರಿವರ್ತನೆಯನ್ನು ಮರೆತರೆ ಶೇಕಡಾ ಮೂರರಷ್ಟು ಹಣ ಅತ್ತಿತ್ತ ಆಗುತ್ತದೆ. ಇನ್ನೊಂದು, ಪೈಸೆ ಪೂರ್ಣಾಂಕ ಮಾಡುವ ಜಾಗ. ಒಬ್ಬ ರೈತ ಬೆಳಿಗ್ಗೆ ಸಂಜೆ ಸೇರಿ ವಾರಕ್ಕೆ 14 ಬಾರಿ ಹಾಲು ಹಾಕುತ್ತಾನೆ. ಪ್ರತಿ ಸಲವೂ ಮೊತ್ತವನ್ನು ಹತ್ತಿರದ 10 ಪೈಸೆಗೆ ಸರಿಮಾಡಿದರೆ ಒಂದೊಂದರಲ್ಲಿ ಗರಿಷ್ಠ 5 ಪೈಸೆ, ವಾರಕ್ಕೆ ಗರಿಷ್ಠ 70 ಪೈಸೆ ವ್ಯತ್ಯಾಸ ಬರಬಹುದು. ವಾರದ ಕೊನೆಗೆ ಒಮ್ಮೆ ಮಾತ್ರ ಸರಿಮಾಡಿದರೆ ಗರಿಷ್ಠ 5 ಪೈಸೆ. ಮೊತ್ತ ಸಣ್ಣದು, ಆದರೆ ಹಳೆಯ ಪುಸ್ತಕದ ಲೆಕ್ಕಕ್ಕೂ ಹೊಸ ರಸೀದಿಗೂ ತಾಳೆಯಾಗದಿದ್ದರೆ ಊರಿನ ನಂಬಿಕೆ ಮೊದಲ ವಾರದಲ್ಲೇ ಕೈತಪ್ಪುತ್ತದೆ. ಆದ್ದರಿಂದ ಈ ಭಾಗಕ್ಕೆ ನಿಯಮಗಳನ್ನೆಲ್ಲ ಬರೆದು, ಒಕ್ಕೂಟದ ಲೆಕ್ಕಪತ್ರ ವಿಭಾಗದಿಂದ ಸಹಿ ಹಾಕಿಸಿಕೊಂಡು, ಆಮೇಲೆ ಮಾಡುವ ಪ್ರಿಡಿಕ್ಟಿವ್ ಕ್ರಮವೇ ಯೋಗ್ಯ. ಅಂಗೀಕಾರದ ಅಳತೆಗೋಲೂ ಸರಳ: ಕೆಲವು ಸಂಘಗಳ ಹಿಂದಿನ ಮೂರು ತಿಂಗಳ ಪುಸ್ತಕವನ್ನು ಹೊಸ ತಂತ್ರಾಂಶಕ್ಕೆ ಹಾಕಿ, ಪ್ರತಿ ರೈತನ ಪ್ರತಿ ವಾರದ ಮೊತ್ತ ಪೈಸೆಗೆ ಪೈಸೆ ಹೊಂದಬೇಕು ಅಥವಾ ಹೊಂದದಿರುವುದಕ್ಕೆ ಲಿಖಿತ ಕಾರಣ ಇರಬೇಕು.

ಸಾಫ್ಟ್‌ವೇರ್ ಕ್ಷೇತ್ರದ ಬ್ಯಾರಿ ಬೋಹ್ಮ್ ಮತ್ತು ರಿಚರ್ಡ್ ಟರ್ನರ್ 2003ರಲ್ಲಿ ಪದ್ಧತಿಯ ಆಯ್ಕೆಗೆ ಐದು ಅಕ್ಷಗಳನ್ನು ಮುಂದಿಟ್ಟರು. ಅವುಗಳಲ್ಲಿ ಒಂದು, ತಪ್ಪಾದರೆ ಏನು ನಷ್ಟವಾಗುತ್ತದೆ ಎಂಬುದು: ಕೇವಲ ಕಿರಿಕಿರಿಯೇ, ಹಣವೇ, ಜೀವವೇ. ನಿಮ್ಮ ಯೋಜನೆಯಲ್ಲಿ ಜೀವಕ್ಕೆ ಅಪಾಯವಿಲ್ಲ, ಆದರೆ ಬಟವಾಡೆ ಭಾಗ ನಿಸ್ಸಂದೇಹವಾಗಿ ಹಣದ ಸಾಲಿಗೆ ಸೇರುತ್ತದೆ, ಅದೂ ಆ ವಾರದ ಮೇವು–ಹಿಂಡಿಗೆ ಅದೇ ಹಣವನ್ನು ನಂಬಿದವರ ಹಣ. ಈ ಅಕ್ಷದಲ್ಲಿ ಮೇಲಿರುವ ಭಾಗವನ್ನು ತಂಡ ಎಷ್ಟೇ ಚುರುಕಾಗಿದ್ದರೂ ಮಾಡುತ್ತಾ ಕಲಿಯೋಣ ಎಂಬ ಧೋರಣೆಯಲ್ಲಿ ನಡೆಸಬಾರದು.

ಮೂರನೆಯದು ಸಂಘದ ಕಾರ್ಯದರ್ಶಿ ಮತ್ತು ಹಾಲು ಪರೀಕ್ಷಕರು ಬಳಸುವ ಪರದೆ. ಇಲ್ಲಿ ಚಿತ್ರ ತಲೆಕೆಳಗಾಗುತ್ತದೆ. ಬೆಳಗಿನ ಜಾವ ಎಂಬತ್ತು ಜನ ಕ್ಯಾನು ಹಿಡಿದು ಸಾಲಿನಲ್ಲಿರುವಾಗ ರೈತನ ಸಂಖ್ಯೆ ಒತ್ತುವುದೋ ಹೆಸರು ಹುಡುಕುವುದೋ, ತೂಕ ತಪ್ಪಾಗಿ ಬಂದರೆ ರದ್ದು ಮಾಡುವ ಅಧಿಕಾರ ಯಾರಿಗೆ, ಕರೆಂಟ್ ಹೋಗಿ ಬಂದಾಗ ಅರ್ಧಕ್ಕೆ ನಿಂತ ನಮೂದು ಏನಾಗಬೇಕು, ಒಬ್ಬನೇ ರೈತ ಹಸುವಿನ ಹಾಲು ಮತ್ತು ಎಮ್ಮೆ ಹಾಲು ಎರಡನ್ನೂ ತಂದರೆ ಹೇಗೆ, ಇವಕ್ಕೆ ಒಕ್ಕೂಟದ ಕಚೇರಿಯಲ್ಲಿ ಕುಳಿತ ಯಾರಿಂದಲೂ ಸರಿಯಾದ ಉತ್ತರ ಸಿಗುವುದಿಲ್ಲ. ಕಾರ್ಯದರ್ಶಿಗಳನ್ನು ಕೇಳಿದರೂ ಪರದೆ ಕಣ್ಣಮುಂದೆ ಇಲ್ಲದಿದ್ದರೆ ಅವರಿಗೂ ಹೇಳಲು ಬರುವುದಿಲ್ಲ. ಬದಲಿಸುವ ಖರ್ಚು ಕಡಿಮೆ, ಅರ್ಧ ಮಾಡಿದ್ದನ್ನು ತೋರಿಸಿ ಕಲಿಯಬಹುದು. ಮೂರು ಪ್ರಶ್ನೆಗೂ ಉತ್ತರ ಒಂದೇ ದಿಕ್ಕಿಗಿದೆ, ಆದ್ದರಿಂದ ಎರಡು ವಾರದ ಆವರ್ತನಗಳ ಅಜೈಲ್ ಇಲ್ಲಿಗೆ ಸೇರಿದ್ದು. ಒಂದು ಸಣ್ಣ ಮಾತು: ಪ್ರದರ್ಶನವನ್ನು ನಿಮ್ಮ ಕಚೇರಿಯಲ್ಲಿ ಇಟ್ಟುಕೊಳ್ಳಬೇಡಿ. ಬೆಳಗಿನ ಹಾಲಿನ ವಾಹನ ಹೋದ ಮೇಲೆ ಸಂಜೆಯ ಶೇಖರಣೆಯವರೆಗೆ ಕಾರ್ಯದರ್ಶಿಗೆ ಬಿಡುವಿರುತ್ತದೆ, ಹನ್ನೊಂದು ಗಂಟೆಗೆ ಅವರ ಡೇರಿಯಲ್ಲೇ ಕುಳಿತು ತೋರಿಸಿ. ಆದರೆ ಆವರ್ತನಕ್ಕೆ ಒಮ್ಮೆಯಾದರೂ ಬೆಳಗಿನ ಸಾಲಿನ ಪಕ್ಕದಲ್ಲಿ ನಿಂತು ನೋಡಿ, ಏಕೆಂದರೆ ಹನ್ನೊಂದು ಗಂಟೆಗೆ ಚೆನ್ನಾಗಿದೆ ಎಂದವರೇ ಆರು ಗಂಟೆಗೆ ಪರದೆಯನ್ನು ಬಿಟ್ಟು ಪುಸ್ತಕಕ್ಕೆ ಕೈ ಹಾಕುವುದನ್ನು ನಾನು ಕಂಡಿದ್ದೇನೆ.

ರೈತರ ಮೊಬೈಲಿಗೆ ಹೋಗುವ ಸಂದೇಶ ಮತ್ತು ಆ್ಯಪ್ ಕೂಡ ಇದೇ ಸ್ವಭಾವದ್ದು, ಅದನ್ನು ಕೊನೆಗೆ ಇಡಿ, ಸಮಯ ಸಾಲದಿದ್ದರೆ ಚಿಕ್ಕದು ಮಾಡಿ.

ಇನ್ನುಳಿದದ್ದು 120 ಸಂಘಗಳಿಗೆ ಅಳವಡಿಸಿ ತರಬೇತಿ ಕೊಡುವ ಕೆಲಸ. ಇದು ಹಂತಹಂತವಾಗಿ ನಡೆಯುತ್ತದೆಂಬ ಕಾರಣಕ್ಕೆ ಇದನ್ನೂ ಅಜೈಲ್ ಎನ್ನುವವರಿದ್ದಾರೆ, ಆದರೆ ಕಂತಿನಲ್ಲಿ ಒಪ್ಪಿಸುವುದು ಬೇರೆ, ಮತ್ತೆ ಮತ್ತೆ ತಿದ್ದಿ ಕಂಡುಕೊಳ್ಳುವುದು ಬೇರೆ. ಇಲ್ಲಿ ಪ್ರತಿ ಸಂಘದಲ್ಲೂ ಮಾಡುವುದು ಒಂದೇ ಕೆಲಸ, ಸಂಖ್ಯೆ ಮಾತ್ರ ಬೆಳೆಯುತ್ತದೆ. ಆದ್ದರಿಂದ ಯೋಜನೆ ಮೊದಲೇ ಹಾಕಿದ್ದಿರಲಿ, ಆದರೆ ಕಂತುಗಳು ಚಿಕ್ಕದರಿಂದ ದೊಡ್ಡದಕ್ಕೆ ಹೋಗಲಿ. ಪ್ರಾಯೋಗಿಕವಾಗಿ 6 ಸಂಘ, ಬಳಿಕ 12, ಆಮೇಲೆ 24, 36, ಕೊನೆಗೆ 42. ಕೂಡಿದರೆ 120. ಮೊದಲ ಕಂತುಗಳಲ್ಲಿ ಕಲಿತದ್ದು ದೊಡ್ಡ ಕಂತುಗಳಿಗೆ ಬಳಕೆಯಾಗಬೇಕಾದರೆ ಎರಡು ಕಂತುಗಳ ನಡುವೆ ದೋಷ ತಿದ್ದುವಷ್ಟು ಬಿಡುವು ಇರಲೇಬೇಕು. ಹಾಲಿನ ವಾಹನದ ಒಂದು ರೂಟಿನ ಸಂಘಗಳನ್ನು ಒಂದೇ ಕಂತಿಗೆ ಸೇರಿಸಿದರೆ ತಂತ್ರಜ್ಞರ ಓಡಾಟವೂ ಡೇರಿಯ ಕಡೆಯ ತಾಳೆ ನೋಡುವ ಕೆಲಸವೂ ಹಗುರಾಗುತ್ತದೆ.

ಇಲ್ಲಿಯವರೆಗಿನದ್ದು ಸುಲಭದ ಭಾಗ. ಹೈಬ್ರಿಡ್ ಯೋಜನೆಗಳು ಹದಗೆಡುವುದು ಎರಡು ಪದ್ಧತಿಗಳು ಸೇರುವ ಹೊಲಿಗೆಯಲ್ಲಿ. ಬಹಳ ಹಿಂದೆ ನಾನಿದ್ದ ಒಂದು ಯೋಜನೆಯಲ್ಲಿ ಖರೀದಿ ವಿಭಾಗ ತನ್ನ ವೇಳಾಪಟ್ಟಿಯಂತೆ ಚಾಚೂ ತಪ್ಪದೆ ರಸೀದಿ ಪ್ರಿಂಟರುಗಳನ್ನು ತರಿಸಿತು, ನಾವು ನಮ್ಮ ಆವರ್ತನಗಳಲ್ಲಿ ಚೆಂದದ ಕನ್ನಡ ರಸೀದಿಯನ್ನು ರೂಪಿಸಿದೆವು. ಆ ಪ್ರಿಂಟರಿನೊಳಗೆ ಕನ್ನಡ ಅಕ್ಷರವೇ ಇರಲಿಲ್ಲ. ಪ್ರತಿ ರಸೀದಿಯನ್ನು ಚಿತ್ರವಾಗಿ ಕಳುಹಿಸಬೇಕಾಯಿತು, ಅದು ನಿಧಾನವಾಯಿತು, ಕಾಗದದ ಅಗಲವೂ ಸಾಲದೆ ಉದ್ದದ ಹೆಸರುಗಳು ತುಂಡಾದವು. ಎರಡೂ ಗುಂಪು ತಮ್ಮ ತಮ್ಮ ಪದ್ಧತಿಯನ್ನು ಸರಿಯಾಗಿಯೇ ಪಾಲಿಸಿದ್ದವು. ಖರೀದಿ ಆದೇಶ ಹೋಗುವ ಮೊದಲು ರಸೀದಿಯ ಬಗ್ಗೆ ಏನೇನು ತೀರ್ಮಾನವಾಗಿರಬೇಕು ಎಂದು ಕೇಳುವ ಕೆಲಸ ಮಾತ್ರ ಯಾರ ಹೆಸರಿನಲ್ಲೂ ಇರಲಿಲ್ಲ.

ಆದ್ದರಿಂದ ನಿಮ್ಮ ವೇಳಾಪಟ್ಟಿಯನ್ನು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಹತ್ತು ತಿಂಗಳೆಂದರೆ ಸುಮಾರು 43 ವಾರ. ಕೊನೆಯ ಎರಡು ವಾರ ಹಸ್ತಾಂತರಕ್ಕೆ ಬಿಟ್ಟು, 12ರ ಕಂತಿಗೆ ಮೂರು ವಾರ, ಉಳಿದ ಮೂರು ಕಂತುಗಳಿಗೆ ತಲಾ ನಾಲ್ಕು ವಾರ ಎಂದು ಹಿಡಿದರೆ, 12ರ ಕಂತು 26ನೇ ವಾರದ ಕೊನೆಗೆ ಶುರುವಾಗಬೇಕು. ಸರಬರಾಜುದಾರ ಹತ್ತು ವಾರ ಕೇಳಿದ್ದಾನೆ ಎಂದಿಟ್ಟುಕೊಳ್ಳಿ. ಮುದ್ರೆ ಮತ್ತು ಸಾಗಣೆಗೆ ಮೂರು ವಾರ, ಆಕಸ್ಮಿಕಕ್ಕೆ ಒಂದು ವಾರ, ಒಟ್ಟು ಹದಿನಾಲ್ಕು. ಅಂದರೆ 114 ಸೆಟ್‌ಗಳ ಆದೇಶ 12ನೇ ವಾರ ಮುಗಿಯುವುದರೊಳಗೆ ಹೊರಡಬೇಕು. ಪ್ರಾಯೋಗಿಕ 6 ಸೆಟ್‌ಗಳನ್ನು ಮಾತ್ರ, ಬೆಲೆ ತುಸು ಹೆಚ್ಚಾದರೂ ಸರಿ, ಮೊದಲ ನಾಲ್ಕು ವಾರಗಳಲ್ಲೇ ತರಿಸಿ, ಸಾಧ್ಯವಾದರೆ ಎರಡು ತಯಾರಕರಿಂದ ಮೂರು ಮೂರು. ಹಾಗೆ ಮಾಡಿದರೆ 4ನೇ ವಾರದ ಕೊನೆಯಿಂದ 12ನೇ ವಾರದ ಕೊನೆಯವರೆಗೆ, ನಿಜವಾದ ಯಂತ್ರದ ಎದುರು, ಸರಿಯಾಗಿ ನಾಲ್ಕು ಆವರ್ತನಗಳು ನಿಮ್ಮ ಕೈಯಲ್ಲಿರುತ್ತವೆ.

ಈ ನಾಲ್ಕು ಆವರ್ತನಗಳಲ್ಲಿ ಏನು ಮಾಡಬೇಕೆಂಬುದೇ ನಿಮ್ಮ ಯೋಜನೆಯ ಅತ್ಯಂತ ಮುಖ್ಯ ತೀರ್ಮಾನ. ಸಾಮಾನ್ಯವಾಗಿ ತಂಡಗಳು ಲಾಗಿನ್ ಪರದೆ, ರೈತರ ನೋಂದಣಿ ಎಂದು ಸುಲಭದಿಂದ ಹೊರಡುತ್ತವೆ. ನಿಮ್ಮಲ್ಲಿ ಹಾಗಾಗಬಾರದು. ಖರೀದಿ ಆದೇಶದಲ್ಲಿ ಬರೆಯಬೇಕಾದ ವಿವರಗಳನ್ನು ಪ್ರಭಾವಿಸುವ ಕೆಲಸ ಮೊದಲು ಬರಬೇಕು. ಮೊದಲ ಆವರ್ತನದಲ್ಲಿ ತಕ್ಕಡಿ ಮತ್ತು ಅನಲೈಸರ್ ಸೀರಿಯಲ್ ಪೋರ್ಟಿನಿಂದ ಕಳುಹಿಸುವ ಅಂಕಿಯನ್ನು ಓದಿ ತೋರಿಸಿ, ಏಕೆಂದರೆ ತಯಾರಕರಿಂದ ತಯಾರಕರಿಗೆ ಅದರ ರೂಪ ಬೇರೆಯಾಗಿರುತ್ತದೆ. ಎರಡನೆಯದರಲ್ಲಿ ಕನ್ನಡ ರಸೀದಿಯನ್ನು ಅದೇ ಪ್ರಿಂಟರಿನಲ್ಲಿ, ಅದೇ ಅಗಲದಲ್ಲಿ ಮುದ್ರಿಸಿ, ಒಂದಕ್ಕೆ ಎಷ್ಟು ಸೆಕೆಂಡ್ ಬೇಕೆಂದು ಅಳೆಯಿರಿ. ಮೂರನೆಯದರಲ್ಲಿ ಒದ್ದೆ ಕೈಯಿಂದ ಬಳಸುವವರಿಗೆ ಟಚ್ ಪರದೆ ಒಗ್ಗುತ್ತದೆಯೇ ಅಂಕಿಗಳ ಕೀಬೋರ್ಡ್ ಬೇಕೇ ಎಂದು ಪಕ್ಕಪಕ್ಕದ ಎರಡು ಸಂಘಗಳಲ್ಲಿ ನೋಡಿ. ನಾಲ್ಕನೆಯದನ್ನು ಕರೆಂಟ್ ಹೋಗಿ ಬರುವ ಪರಿಸ್ಥಿತಿಗೂ ಯುಪಿಎಸ್ ಎಷ್ಟು ಹೊತ್ತು ತಾಳಬೇಕೆಂಬ ಲೆಕ್ಕಕ್ಕೂ ಮೀಸಲಿಡಿ. ಹೀಗೆ ಮಾಡಿದಾಗ ಅಜೈಲ್ ಭಾಗ ಕಲಿತದ್ದು ಪ್ರಿಡಿಕ್ಟಿವ್ ಭಾಗಕ್ಕೆ ಸರಿಯಾದ ಹೊತ್ತಿಗೆ ತಲುಪುತ್ತದೆ. 12ನೇ ವಾರದ ನಂತರ ಯಂತ್ರಕ್ಕೆ ಸಂಬಂಧಿಸಿದ ತೀರ್ಮಾನಗಳಿಗೆ ಬಾಗಿಲು ಮುಚ್ಚಿದೆ ಎಂದು ಎರಡೂ ಕಡೆಯವರಿಗೆ ಗೊತ್ತಿರಬೇಕು. ಆಮೇಲೆ ಬರುವ ಒಳ್ಳೆಯ ಸಲಹೆಗಳನ್ನು ತಂತ್ರಾಂಶದಲ್ಲಿ ಸಾಧ್ಯವಾದಷ್ಟು ಮಾತ್ರ ಸ್ವೀಕರಿಸಿ. ಲೆಕ್ಕದ ಭಾಗ ಅಷ್ಟರಲ್ಲಿ ತನ್ನ ದಾರಿಯಲ್ಲಿ ಸಾಗಿ, 20ನೇ ವಾರದ ಹೊತ್ತಿಗೆ ಪ್ರಾಯೋಗಿಕ ಸಂಘಗಳಲ್ಲಿ ಪುಸ್ತಕ ಮತ್ತು ಕಂಪ್ಯೂಟರ್ ಎರಡರಲ್ಲೂ ಜೊತೆಜೊತೆಯಾಗಿ ನಾಲ್ಕು ಬಟವಾಡೆಗಳನ್ನು ನಡೆಸುವಷ್ಟು ಸಿದ್ಧವಾಗಿರಬೇಕು. ಪುಸ್ತಕದಿಂದ ಕಂಪ್ಯೂಟರಿಗೆ ದಾಟುವ ದಿನ ಬಟವಾಡೆ ವಾರದ ಮೊದಲ ದಿನವೇ ಆಗಿರಲಿ, ನಡುವಾರ ಬೇಡ.

ಈಗ ತೀರ್ಮಾನ ಮಾಡುವವರ ವಿಷಯ. ಪ್ರಶ್ನಾವಳಿಯ ಸಂಸ್ಥೆಯ ಸ್ವಭಾವದ ಅಂಕಗಳು ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಒಕ್ಕೂಟದ ಆಡಳಿತ ಮಂಡಳಿ ತಿಂಗಳಿಗೊಮ್ಮೆ ಸೇರುತ್ತದೆ ಎಂದಿಟ್ಟುಕೊಳ್ಳೋಣ. ನಿಮ್ಮ ಪ್ರಶ್ನೆಗಳು ತಿಂಗಳುದ್ದಕ್ಕೂ ಸಮನಾಗಿ ಹುಟ್ಟಿದರೆ ಒಂದೊಂದು ಪ್ರಶ್ನೆ ಸರಾಸರಿ ಹದಿನೈದು ದಿನ ಕಾಯುತ್ತದೆ, ನಿಮ್ಮ ಆವರ್ತನ ಹದಿನಾಲ್ಕು ದಿನದ್ದು. ಅಂದರೆ ಇಂದು ಹುಟ್ಟಿದ ಪ್ರಶ್ನೆಯ ಉತ್ತರ ಈ ಆವರ್ತನದಲ್ಲಿ ಬರುವುದೇ ಅಪರೂಪ, ತಂಡ ಊಹೆಯ ಮೇಲೆ ಕಟ್ಟುತ್ತದೆ, ಆಮೇಲೆ ಕೆಡವುತ್ತದೆ. ಆವರ್ತನವನ್ನು ತಿಂಗಳಿಗೆ ಹಿಗ್ಗಿಸುವುದು ಇದಕ್ಕೆ ಪರಿಹಾರವಲ್ಲ, ಯಾವ ತೀರ್ಮಾನ ಯಾರದು ಎಂದು ಮೊದಲೇ ಬರೆಸಿಕೊಳ್ಳುವುದು ಪರಿಹಾರ. ಪರದೆಯ ಪದಗಳು, ಕ್ರಮ, ರದ್ದು ಮಾಡುವ ವಿಧಾನ ಇವುಗಳನ್ನು ಹಾಲು ಶೇಖರಣಾ ವಿಭಾಗದ ಒಬ್ಬ ಅಧಿಕಾರಿ ಎರಡು ದಿನದೊಳಗೆ ತೀರ್ಮಾನಿಸಲಿ. ದರ, ಕಡಿತ, ಪೂರ್ಣಾಂಕದ ನಿಯಮ ವ್ಯವಸ್ಥಾಪಕ ನಿರ್ದೇಶಕರ ಲಿಖಿತ ಒಪ್ಪಿಗೆಯಿಂದ ಬರಲಿ. ಹಣ ಮತ್ತು ಗಡುವು ಬದಲಾಗುವಂಥದ್ದು ಮಾತ್ರ ಮಂಡಳಿಗೆ ಹೋಗಲಿ. ಆ ಅಧಿಕಾರಿಗೆ ವಾರಕ್ಕೆ ಎರಡು ಅರ್ಧ ದಿನವಾದರೂ ಸಿಗದಿದ್ದರೆ ಪರದೆಯ ಭಾಗವನ್ನೂ ಅಜೈಲ್ ಎಂದು ಕರೆಯುವ ಆಸೆ ಬಿಡಿ. ಆಗ ನಿಮಗೆ ಸಾಧ್ಯವಿರುವುದು ಎರಡು ದೊಡ್ಡ ಮಾದರಿಗಳನ್ನು ಮಾಡಿ ತೋರಿಸಿ, ತಿದ್ದುಪಡಿ ಪಡೆದು, ಉಳಿದದ್ದನ್ನು ಯೋಜನೆಯಂತೆ ಮುಗಿಸುವುದಷ್ಟೆ. ಅದರಲ್ಲಿ ಅವಮಾನವೇನೂ ಇಲ್ಲ.

ನಿಗದಿತ ಬೆಲೆಯ ಕರಾರು ಮತ್ತು ಆವರ್ತನಗಳು ಒಂದಕ್ಕೊಂದು ವಿರೋಧವೆಂದು ಅನೇಕರು ಭಾವಿಸುತ್ತಾರೆ. ಕರಾರಿನಲ್ಲಿ ಪರದೆಗಳ ಪಟ್ಟಿಯನ್ನು ಅನುಬಂಧವಾಗಿ ಹಾಕಿದ್ದರೆ ಆ ಭಾವನೆ ನಿಜವಾಗುತ್ತದೆ. ಹಾಗಿದ್ದರೆ ಈಗಲೇ ಅದನ್ನು ಫಲಿತಾಂಶಗಳ ಪಟ್ಟಿಯಾಗಿ ಬದಲಿಸಲು ಕೇಳಿ: ಒಬ್ಬ ರೈತನ ಹಾಲು ತೂಗಿ, ಪರೀಕ್ಷಿಸಿ, ರಸೀದಿ ಕೊಡಲು ಇಷ್ಟು ಸೆಕೆಂಡ್; ಬಟವಾಡೆ ಪಟ್ಟಿ ಇಂಥ ದಿನ ಬ್ಯಾಂಕಿಗೆ ಹೋಗಬೇಕು; ಕರೆಂಟ್ ಹೋದಾಗ ಒಂದು ನಮೂದೂ ಕಳೆಯಬಾರದು. ಹಣ, ಗಡುವು, ಈ ಫಲಿತಾಂಶಗಳು ಸ್ಥಿರ. ಪರದೆ ಹೇಗಿರಬೇಕು, ಯಾವುದು ಮೊದಲು ಎಂಬುದು ತೆರೆದದ್ದು. ಹೊಸದೊಂದು ಬೇಕಾದರೆ ಅಷ್ಟೇ ಗಾತ್ರದ, ಇನ್ನೂ ಆರಂಭವಾಗದ ಇನ್ನೊಂದನ್ನು ಬಿಟ್ಟುಕೊಡಬೇಕು ಎಂಬ ವಿನಿಮಯ ನಿಯಮವನ್ನೂ ಬರೆಯಿರಿ. ಅದನ್ನು ಮೀರಿದ್ದಕ್ಕೆ ಮಾತ್ರ ಬದಲಾವಣೆಯ ಅರ್ಜಿ ಮತ್ತು ಹೆಚ್ಚುವರಿ ಬೆಲೆ. ಒಕ್ಕೂಟದವರಿಗೆ ವೇಳಾಪಟ್ಟಿ ಕೊಡುವಾಗ ಯಂತ್ರ, ಲೆಕ್ಕ ಮತ್ತು ಅಳವಡಿಕೆಗೆ ದಿನಾಂಕ ಹಾಕಿ, ಪರದೆಯ ಸಾಲಿನಲ್ಲಿ ಪ್ರತಿ ಎರಡು ವಾರಕ್ಕೊಂದು ಪ್ರದರ್ಶನದ ದಿನ ಮತ್ತು 12ನೇ ವಾರದ ಬಾಗಿಲನ್ನು ಗುರುತಿಸಿ. ಅವರು ವೇಳಾಪಟ್ಟಿ ಕೇಳಿದ್ದು ಅಜೈಲ್ ಅರ್ಥವಾಗದ್ದರಿಂದ ಎಂದು ನಾನು ಭಾವಿಸುವುದಿಲ್ಲ. ತಮ್ಮ ಜನ ಯಾವ ದಿನ ಎಲ್ಲಿರಬೇಕೆಂದು ಅವರಿಗೆ ತಿಳಿಯಬೇಕು, ಈ ಹಾಳೆ ಅದನ್ನು ಹೇಳುತ್ತದೆ.

ಆಯ್ಕೆ ತಪ್ಪಿದ್ದರೆ ಅದು ಬೇಗ ತಿಳಿಯುತ್ತದೆ. ಅಜೈಲ್ ಭಾಗದಲ್ಲಿ ಮೂರು ಆವರ್ತನ ಕಳೆದರೂ ಕೆಲಸದ ಪಟ್ಟಿಯ ಕ್ರಮ ಒಮ್ಮೆಯೂ ಬದಲಾಗದಿದ್ದರೆ, ಒಂದೋ ಕಲಿಯಲು ಏನೂ ಇರಲಿಲ್ಲ, ಇಲ್ಲವೇ ನೀವು ನಿಜವಾದ ಕಾರ್ಯದರ್ಶಿಗೆ ತೋರಿಸುತ್ತಿಲ್ಲ. ಮೊದಲನೆಯದಾದರೆ ಆವರ್ತನದ ಸಭೆಗಳನ್ನು ಕೈಬಿಟ್ಟು ಯೋಜನೆಯಂತೆ ಮುಗಿಸಿಬಿಡಿ, ಎರಡನೆಯದಾದರೆ ಮುಂದಿನ ಬೆಳಿಗ್ಗೆಯೇ ಹಳ್ಳಿಗೆ ಹೋಗಿ. ಲೆಕ್ಕದ ಭಾಗದಲ್ಲಿ ಸಹಿಯಾದ ನಿಯಮ ಒಂದೇ ಜಾಗದಲ್ಲಿ ಎರಡು ಬಾರಿ ತಿದ್ದುಪಡಿಗೆ ಬಂದರೆ, ನಮಗೆ ಗೊತ್ತಿದೆ ಎಂದುಕೊಂಡದ್ದು ಗೊತ್ತಿರಲಿಲ್ಲ ಎಂದರ್ಥ. ಆ ಒಂದು ನಿಯಮವನ್ನು ಮಾತ್ರ ಹೊರತೆಗೆದು ಪ್ರಾಯೋಗಿಕ ಸಂಘದಲ್ಲಿ ಮಾಡಿ ನೋಡಿ, ಇಡೀ ಭಾಗವನ್ನು ಅಜೈಲ್‌ಗೆ ತಿರುಗಿಸಬೇಡಿ. ಅಳವಡಿಕೆಯಲ್ಲಿ 24ರ ಕಂತಿನ ಪ್ರತಿ ಸಂಘಕ್ಕೆ ಬಂದ ದೂರುಗಳ ಸಂಖ್ಯೆ 12ರ ಕಂತಿಗಿಂತ ಇಳಿಯದಿದ್ದರೆ 36ಕ್ಕೆ ಹೋಗದೆ ನಿಲ್ಲಿಸಿ; ಒಂದು ವಾರ ತಡವಾಗಬಹುದು, ಆದರೆ ಅದೇ ದೋಷವನ್ನು ಮುಂದಿನ ಎರಡು ಕಂತುಗಳ 78 ಹಳ್ಳಿಗಳಲ್ಲಿ ತಿದ್ದುವುದಕ್ಕಿಂತ ಅದು ಅಗ್ಗ.

ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ಕೇಳಿದ್ದೀರಿ. ಒಂದು ಹಾಳೆಯಲ್ಲಿ ಎಡಗಡೆ ಈ ಭಾಗಗಳನ್ನು ಬರೆದು, ಪ್ರತಿಯೊಂದರ ಎದುರು ಪದ್ಧತಿ, ಅದನ್ನು ಆರಿಸಿದ ಒಂದು ವಾಕ್ಯದ ಕಾರಣ, ತೀರ್ಮಾನಿಸುವವರ ಹುದ್ದೆ ಮತ್ತು ಬಾಗಿಲು ಮುಚ್ಚುವ ವಾರವನ್ನು ತುಂಬಿ, ನಿಮ್ಮ ಕಂಪನಿಯ ಮುಖ್ಯಸ್ಥರನ್ನೂ ಶೇಖರಣಾ ವಿಭಾಗದ ಅಧಿಕಾರಿಯನ್ನೂ ಒಂದೇ ಮೇಜಿಗೆ ಕೂರಿಸಿ ಓದಿ ಹೇಳಿ. ಆ ಹಾಳೆಯನ್ನು 12ನೇ ವಾರದಲ್ಲಿ, ನಾಲ್ಕನೇ ಜೋಡಿ ಬಟವಾಡೆ ಮುಗಿದ ದಿನ ಮತ್ತು 24ರ ಕಂತು ಮುಗಿದ ಮೇಲೆ ಮತ್ತೆ ತೆರೆದು ತಿದ್ದಿ. ಅದಕ್ಕೂ ಮೊದಲು ಒಂದು ಫೋನ್ ಕರೆ ಮಾಡಿ: ನಿಮ್ಮ ಸರಬರಾಜುದಾರ ನಿಜವಾಗಿಯೂ ಎಷ್ಟು ವಾರ ಕೇಳುತ್ತಾನೆ ಎಂದು ವಿಚಾರಿಸಿ. ಹತ್ತರ ಬದಲು ಹದಿನಾಲ್ಕು ಎಂದರೆ ಬಾಗಿಲು 8ನೇ ವಾರಕ್ಕೇ ಮುಚ್ಚುತ್ತದೆ, ಕೈಯಲ್ಲಿ ಉಳಿಯುವುದು ಎರಡೇ ಆವರ್ತನ, ಆಗ ಪ್ರಿಂಟರ್ ಮತ್ತು ಸೀರಿಯಲ್ ಪೋರ್ಟ್ ಬಿಟ್ಟು ಬೇರೆ ಯಾವುದಕ್ಕೂ ಅವುಗಳಲ್ಲಿ ಜಾಗವಿರುವುದಿಲ್ಲ.